ಒಂದೇ ಪಾದಕ್ಕೆ ಮೂರು ಸೈಜು: ಯಾವ ಚಾರ್ಟ್ ನಂಬೋದು? ಸಂಜೆ ಅಳೆದರೆ ನಿಜವಾಗಿ ಏನು ಬದಲಾಗುತ್ತೆ?

ಗಿರಿಗಾಲು
ಆನ್‌ಲೈನಿನಲ್ಲಿ ನಡಿಗೆಗೆ ಒಂದು ಜೊತೆ ಶೂ ತಗೋಬೇಕು. ಮೂರು ಬ್ರ್ಯಾಂಡ್ ಆರಿಸಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಕುರ್ಚಿ ಮೇಲೆ ಕೂತು ಬಲಗಾಲು ಅಳೆದೆ, 258 ಮಿ.ಮೀ. ಬಂತು. ಎಡಗಾಲು ಅದಕ್ಕಿಂತ 3 ಮಿ.ಮೀ. ಕಮ್ಮಿ. ಬಲಗಾಲನ್ನೇ ಹಿಡಿದು ಮೂರೂ ಚಾರ್ಟ್ ನೋಡಿದರೆ ಒಂದು ಯುಕೆ 8 ಅನ್ನುತ್ತೆ, ಇನ್ನೊಂದು 7 ಅನ್ನುತ್ತೆ, ಮೂರನೇದು 6! ಈಗ ಹಾಕ್ತಿರೋ ಹಳೇ ಶೂ ಯುಕೆ 8.

ಚಾರ್ಟ್‌ಗಳಲ್ಲಿ ಇರೋದು ಹೀಗೆ:

ಮೊದಲನೇದು: ಯುಕೆ 8, ಇಯು 42, 25.9 ಸೆಂ.ಮೀ. ಮುಂದಿನ ಸಾಲು ಯುಕೆ 8.5, ಇಯು 42⅔, 26.3 ಸೆಂ.ಮೀ.
ಎರಡನೇದು: ಯುಕೆ 7ಕ್ಕೆ 26 ಸೆಂ.ಮೀ., 7.5ಕ್ಕೆ 26.5, 8ಕ್ಕೆ 27. ಇದರಲ್ಲಿ ಇಯು 42 ಇರೋದು 26.5ರ ಸಾಲಿನಲ್ಲಿ.
ಮೂರನೇದು: ಇಯು 40ಕ್ಕೆ 26.1, 41ಕ್ಕೆ 26.8, 42ಕ್ಕೆ 27.5, 43ಕ್ಕೆ 28.1. ಯುಕೆ ಕ್ರಮವಾಗಿ 6, 7, 8, 9.

ಇದರಲ್ಲಿ ಸುಳ್ಳು ಹೇಳ್ತಿರೋದು ಯಾವುದು? ಜೊತೆಗೆ, ಪಾದ ಅಳೆಯೋದಾದ್ರೆ ಸಂಜೆ ಹೊತ್ತಲ್ಲೇ ಅಳೀಬೇಕು ಅಂತ ಎಲ್ಲರೂ ಹೇಳ್ತಾರೆ. ಅದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಓಟದಹುಚ್ಚು
ಆಗುತ್ತೆ ಗುರು, ಖಂಡಿತ ಆಗುತ್ತೆ. ದಿನವಿಡೀ ನಿಂತು ನಡೆದು ಪಾದ ಊದಿಕೊಂಡಿರುತ್ತೆ. ಸಂಜೆಗೆ ಪೂರ್ತಿ ಒಂದು ಸೈಜು ದೊಡ್ಡದಾಗಿರುತ್ತೆ ಅಂದ್ಕೋ. ನಾನಂತೂ ಬೆಳಿಗ್ಗೆ ಎಷ್ಟು ಬಂದ್ರೂ ಅದರ ಮೇಲೆ ಒಂದು ಸೈಜು ಸೇರಿಸಿಯೇ ಆರ್ಡರ್ ಮಾಡೋದು. ಚಾರ್ಟ್ ಗೀರ್ಟ್ ತಲೆ ಕೆಡಿಸ್ಕೋಬೇಡ.

ಮೂಲೆಮನೆ
ಇಷ್ಟೆಲ್ಲಾ ಯಾಕೆ? ಎರಡು ಸೈಜು ತರಿಸಿ, ಆಗದೇ ಇರೋದನ್ನ ವಾಪಸ್ ಕಳಿಸಿದ್ರೆ ಮುಗೀತು.

ಅಟ್ಟೆಅಳತೆ
ಶೂ ಅಚ್ಚುಗಳ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಗಿರಿಗಾಲು ಅವರೇ, ಮೂರರಲ್ಲಿ ಯಾವುದೂ ಸುಳ್ಳಲ್ಲ. ಸೆಂ.ಮೀ. ಅಂತ ಬರೆದ ಆ ಕಾಲಂ ಮೂರು ಕಡೆ ಒಂದೇ ವಸ್ತುವನ್ನು ಅಳೆದದ್ದಲ್ಲ, ಗೋಜಲು ಅಲ್ಲಿದೆ. ಕೆಲವರು ನಿಮ್ಮ ಪಾದದ ಉದ್ದ ಕೊಡುತ್ತಾರೆ. ಕೆಲವರು ಶೂ ಒಳಗಿನ ಉದ್ದ, ಅಂದರೆ ಇನ್‌ಸೋಲ್ ಅಳತೆ ಕೊಡುತ್ತಾರೆ. ಇದು ಯಾವುದರ ಅಳತೆ ಅಂತ ಹೆಸರು ಬರೆಯುವ ಸೌಜನ್ಯ ಅರ್ಧ ಜನಕ್ಕೆ ಇರುವುದಿಲ್ಲ.

ಬರೆಯದಿದ್ದರೂ ಕಂಡುಹಿಡಿಯಬಹುದು. ಇಯು ಸಂಖ್ಯೆಯನ್ನು ಒಂದೂವರೆಯಿಂದ ಭಾಗಿಸಿ. ಬರುವುದು ಶೂ ಹೊಲಿಯುವ ಅಚ್ಚಿನ ಉದ್ದ, ಸೆಂಟಿಮೀಟರಿನಲ್ಲಿ. 42ಕ್ಕೆ ಸರಿಯಾಗಿ 28.0 ಬರುತ್ತದೆ. ಅಚ್ಚು ಯಾವಾಗಲೂ ಪಾದಕ್ಕಿಂತ ಉದ್ದ, ಬೆರಳುಗಳ ಮುಂದೆ ಜಾಗ ಬೇಕಲ್ಲ. ಈಗ ನಿಮ್ಮ ಚಾರ್ಟ್‌ಗಳಲ್ಲಿ 42ರ ಎದುರಿನ ಅಂಕಿ ನೋಡಿ. ಮೊದಲನೇದು 25.9, ಎರಡನೇದು 26.5. ಎರಡೂ 28ಕ್ಕಿಂತ ಒಂದೂವರೆ, ಎರಡು ಸೆಂಟಿಮೀಟರ್ ಕಡಿಮೆ ಇವೆ, ಹಾಗಾಗಿ ಅವು ಪಾದದ ಉದ್ದ. ಮೂರನೇದು 27.5, ಅಚ್ಚಿಗೆ ಅರ್ಧ ಸೆಂಟಿಮೀಟರ್ ಅಷ್ಟೇ ಕಡಿಮೆ. ಅದು ಶೂ ಒಳಗಿನ ಉದ್ದವೇ. ಅದರಲ್ಲಿ ನಿಮ್ಮ 25.8 ಹುಡುಕಿದ್ದರಿಂದ ಯುಕೆ 6 ಬಂತು. ಆ 6 ಹಾಕಿಕೊಂಡರೆ ಹೆಬ್ಬೆರಳ ಮುಂದೆ ಉಳಿಯುವುದು 3 ಮಿ.ಮೀ., ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಉಗುರು ಕಪ್ಪಾಗುತ್ತದೆ.

ಸಂಜೆಯ ಪ್ರಶ್ನೆಗೆ ಬರುವ ಮುಂಚೆ ಒಂದು ಕೆಲಸ ಮಾಡಿ. ನೀವು ಕೂತು ಅಳೆದಿದ್ದೀರಿ. ನಾಳೆ ಬೆಳಿಗ್ಗೆ ಒಮ್ಮೆ ಕೂತು, ಒಮ್ಮೆ ನಿಂತು ಅಳೆಯಿರಿ. ಸಂಜೆಯೂ ಹಾಗೇ. ಜೊತೆಗೆ ಟೇಪಿನಲ್ಲಿ ಪಾದದ ಸುತ್ತಳತೆಯನ್ನೂ ತೆಗೆಯಿರಿ. ಹೆಬ್ಬೆರಳ ಬುಡದ ಗಂಟು, ಕಿರುಬೆರಳ ಬುಡದ ಗಂಟು, ಎರಡರ ಮೇಲೂ ಟೇಪು ಹಾಯಬೇಕು.

ಮಕ್ಕಳತಂದೆ
ನಮ್ಮ ಮಗಳಿಗೆ ಆರು ವರ್ಷ, ಕಾಲು ಬೇಗ ಬೇಗ ಬೆಳೀತಿದೆ. ಅವಳಿಗೂ ಸಂಜೆ ಅಳೆದು ಎರಡು ಸೈಜು ಜಾಸ್ತಿ ತಗೋಬೇಕಾ? ಒಂದು ವರ್ಷ ಬರಲಿ ಅಂತ.

ಅಟ್ಟೆಅಳತೆ
ಸರ್, ಇಲ್ಲಿ ಮಾತು ಬೆಳವಣಿಗೆಯದ್ದಲ್ಲ, ಒಂದೇ ದಿನದೊಳಗಿನ ವ್ಯತ್ಯಾಸದ್ದು. ಮಗುವಿಗೂ ನಿಲ್ಲಿಸಿ ಅಳೆಯಿರಿ, ಅದಂತೂ ಸರಿ. ಆದರೆ ಎರಡು ಸೈಜು ಜಾಸ್ತಿ ಬೇಡ. ಪಾದ ಒಳಗೆ ಮುಂದಕ್ಕೆ ಜಾರುತ್ತದೆ, ಮಗು ಬೆರಳು ಮಡಚಿ ಶೂ ಹಿಡಿದುಕೊಂಡು ನಡೆಯಲು ಶುರು ಮಾಡುತ್ತದೆ. ಬೆರಳ ಮುಂದೆ ಒಂದು ಸೆಂಟಿಮೀಟರ್ ಚಿಲ್ಲರೆ ಜಾಗ ಬಿಡಿ, ಆಗಾಗ ಮತ್ತೆ ಅಳೆಯಿರಿ.

ಸಂಪಿಗೆ
ನನ್ನದು ಬೇರೆಯೇ ಗೋಳು. ಒಂದು ಶೂ ತುಂಬಾ ಇಷ್ಟವಾಯ್ತು. ಗಂಡಸರಿಗೂ ಹೆಂಗಸರಿಗೂ ಒಂದೇ ಮಾಡೆಲ್, ಆದರೆ ಆಯ್ಕೆಯಲ್ಲಿ ಕಾಣೋದು ಬರೀ "ಯುಎಸ್ 7, 8, 9". ಯಾರ ಯುಎಸ್ ಅಂತ ಇಲ್ಲ. ನಾನು ಸಾಮಾನ್ಯವಾಗಿ ಹಾಕೋದು ಹೆಂಗಸರ ಯುಎಸ್ 8.5. ಏನ್ ಮಾಡ್ಲಿ?

ಅಟ್ಟೆಅಳತೆ
ಮೇಡಂ, ಇಬ್ಬರಿಗೂ ಒಂದೇ ಅಂತ ಮಾರುವ ಶೂಗೆ ಸಾಮಾನ್ಯವಾಗಿ ಹಾಕುವುದು ಗಂಡಸರ ಸಂಖ್ಯೆ. ಅಮೆರಿಕದ ಸೈಜಿನಲ್ಲಿ ಹೆಂಗಸರ ಸಂಖ್ಯೆ ಗಂಡಸರದ್ದಕ್ಕಿಂತ ಬಹುಪಾಲು ಬ್ರ್ಯಾಂಡ್‌ಗಳಲ್ಲಿ ಒಂದೂವರೆ ಹೆಚ್ಚಿರುತ್ತದೆ, ಹಾಗೆ ನೋಡಿದರೆ ನಿಮ್ಮ 8.5 ಅಲ್ಲಿ 7. ಆದರೆ ಕೆಲವರು ಒಂದೇ ಸೈಜಿನ ಅಂತರ ಇಡುತ್ತಾರೆ, ಕೆಲವರು ಎರಡು. ಆದ್ದರಿಂದ ಯುಎಸ್ ಬಿಟ್ಟು ಅದೇ ಸಾಲಿನ ಸೆಂ.ಮೀ. ಅಂಕಿ ಹಿಡಿಯಿರಿ. ಇನ್ನೊಂದು ವಿಷಯ, ಗಂಡಸರ ಅಚ್ಚಿನಲ್ಲಿ ಹಿಮ್ಮಡಿಯ ಭಾಗ ಅಗಲ. ಉದ್ದ ಸರಿಹೋದರೂ ಹಿಂದೆ ಸಡಿಲ ಅನ್ನಿಸಬಹುದು.

ಓಟದಹುಚ್ಚು
ಯುಎಸ್ ಬೇಡ, ಯುಕೆ ನೋಡ್ಕೊಂಡ್ರೆ ಸಾಕು. ಯುಕೆ ಎಲ್ಲಾ ಕಡೆ ಒಂದೇ.

ಅಟ್ಟೆಅಳತೆ
ಒಂದೇ ಅಲ್ಲ ಸ್ವಾಮಿ. ಪೆಟ್ಟಿಗೆ ಮೇಲಿನ ಲೇಬಲ್ಲನ್ನೇ ನೋಡಿ. ಗಂಡಸರ ಶೂಗಳಲ್ಲಿ ನೈಕಿ ಯುಕೆ 8ರ ಪಕ್ಕ 27 ಸೆಂ.ಮೀ., ಯುಎಸ್ 9 ಅಂತ ಹಾಕುತ್ತದೆ. ಅಡಿಡಾಸ್ ಅದೇ ಯುಕೆ 8ರ ಪಕ್ಕ 26.5, ಯುಎಸ್ 8.5 ಅಂತ ಹಾಕುತ್ತದೆ. ಒಬ್ಬರ ಯುಕೆಗೂ ಯುಎಸ್‌ಗೂ ಒಂದು ಸೈಜಿನ ಅಂತರ, ಇನ್ನೊಬ್ಬರದ್ದು ಅರ್ಧ.

ಯಾಕೆ ಹೀಗಾಗುತ್ತೆ ಅಂದ್ರೆ, ಹೆಜ್ಜೆಗಳೇ ಬೇರೆ. ಯುಕೆಯ ಒಂದು ಸೈಜು ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಹಿಂದೆ ಬಾರ್ಲಿ ಕಾಳಿನ ಉದ್ದ ಅಂತ ಲೆಕ್ಕ ಹಿಡಿದದ್ದು ಅದು, ಇವತ್ತಿಗೂ ನಾವು ಕಾಳು ಎಣಿಸಿಯೇ ಶೂ ಹಾಕುತ್ತಿದ್ದೇವೆ. ಇಯು ಸೈಜು ಸೆಂಟಿಮೀಟರಿನ ಮೂರನೇ ಎರಡು ಭಾಗ, 6.7 ಮಿ.ಮೀ. ಲೇಬಲ್ ಮೇಲಿನ ಸೆಂ.ಮೀ. ಅಂಕಿ ಅರ್ಧರ್ಧಕ್ಕೆ, 5 ಮಿ.ಮೀ. ಹೆಜ್ಜೆಯಲ್ಲಿ ಹೋಗುತ್ತದೆ. ಈ ಮೂರೂ ಒಂದೇ ಸಾಲಿನಲ್ಲಿ ಸರಿಯಾಗಿ ಕೂರುವುದು ಸಾಧ್ಯವೇ ಇಲ್ಲ, ಎಲ್ಲಿ ಮೇಲಕ್ಕೆ ಎಲ್ಲಿ ಕೆಳಕ್ಕೆ ಸರಿಸಬೇಕು ಅನ್ನುವುದು ಅವರವರ ಇಷ್ಟ.

ಇದೇ ಹೆಜ್ಜೆ ನಿಮಗೆ ಉಪಯೋಗಕ್ಕೂ ಬರುತ್ತದೆ. ಚಾರ್ಟಿನ ಸೆಂ.ಮೀ. ಅಂಕಿ ಸಾಲಿನಿಂದ ಸಾಲಿಗೆ 4 ಮಿ.ಮೀ. ಏರುತ್ತಿದ್ದರೆ ಆ ಬ್ರ್ಯಾಂಡ್ ಯುಕೆ ಅರ್ಧ ಸೈಜಿನಲ್ಲಿ ಯೋಚಿಸುತ್ತಿದೆ ಅಂತ ಅರ್ಥ. 6-7 ಏರುತ್ತಿದ್ದರೆ ಇಯು ಮೂಲ, ಯುಕೆ ಕಾಲಂ ಆಮೇಲೆ ಅಂಟಿಸಿದ್ದು, ಅದನ್ನು ನಂಬಬೇಡಿ. ಗಿರಿಗಾಲು ಅವರ ಮೂರನೇ ಚಾರ್ಟ್ ಅಂಥದ್ದು. ಏರಿಕೆ ಒಮ್ಮೆ 3, ಒಮ್ಮೆ 9 ಅಂತ ಎಡವಟ್ಟಾಗಿದ್ದರೆ ಯಾರೋ ಎಲ್ಲಿಂದಲೋ ಎತ್ತಿ ಹಾಕಿದ ಪಟ್ಟಿ. ಬ್ರ್ಯಾಂಡಿನ ಸ್ವಂತ ಪುಟಕ್ಕೆ ಹೋಗಿ ನೋಡುವುದು ವಾಸಿ.

ಗಿರಿಗಾಲು
ಹೇಳಿದ ಹಾಗೆ ಅಳೆದೆ. ಬಲಗಾಲಿನ ಲೆಕ್ಕ:

ಬೆಳಿಗ್ಗೆ ಕೂತು 258, ನಿಂತು 261.
ಸಂಜೆ ಕೂತು 259, ನಿಂತು 262.
ಸುತ್ತಳತೆ, ನಿಂತು: ಬೆಳಿಗ್ಗೆ 243, ಸಂಜೆ 249.

ಸಂಜೆ ಊದಿ ಉದ್ದ ಜಾಸ್ತಿ ಆಗುತ್ತೆ ಅಂದ್ಕೊಂಡಿದ್ದೆ. ಉದ್ದ ಬರೀ 1 ಮಿ.ಮೀ.!

ಅಟ್ಟೆಅಳತೆ
ನಾನು ಕಾಯುತ್ತಿದ್ದದ್ದು ಇದಕ್ಕೇ. ಉದ್ದ ಹೆಚ್ಚಿಸಿದ್ದು ಸಂಜೆಯಲ್ಲ, ನಿಂತದ್ದು. ಮೈಭಾರ ಬಿದ್ದಾಗ ಪಾದದ ಕಮಾನು ತಗ್ಗಿ ಪಾದ ಮುಂದಕ್ಕೆ ಚಾಚುತ್ತದೆ, ನಿಮ್ಮಲ್ಲಿ ಅದು 3 ಮಿ.ಮೀ. ಸಂಜೆ ಕೊಟ್ಟದ್ದು ದಪ್ಪ. ದಿನವಿಡೀ ಕಾಲು ಕೆಳಗಿದ್ದು ಅಂಗಾಂಶದಲ್ಲಿ ನೀರು ಇಳಿದು ನಿಲ್ಲುತ್ತದೆ, ಅದು ಮೂಳೆಯನ್ನು ಉದ್ದ ಮಾಡಲಾರದು, ಸುತ್ತಲಿನ ಮಾಂಸವನ್ನು ಉಬ್ಬಿಸುತ್ತದೆ. ಸೆಖೆಯಿದ್ದರೆ, ತುಂಬಾ ನಡೆದಿದ್ದರೆ ಇನ್ನೂ ಹೆಚ್ಚು.

ಈಗ 6 ಮಿ.ಮೀ. ಸುತ್ತಳತೆ ಸಣ್ಣದು ಅಂದುಕೊಳ್ಳಬೇಡಿ. ಶೂ ಮಾಡುವವರ ಲೆಕ್ಕದಲ್ಲಿ ಒಂದೇ ಉದ್ದಕ್ಕೆ ಒಂದು ದರ್ಜೆ ಅಗಲ ಹೆಚ್ಚಿಸುವುದು ಅಂದರೆ ಹೆಚ್ಚುಕಡಿಮೆ ಇಷ್ಟೇ, 5-6 ಮಿ.ಮೀ. ಸುತ್ತಳತೆ. ಬೆಳಿಗ್ಗೆ ನಿಮ್ಮದು ಒಂದು ಅಗಲದ ಪಾದ, ಸಂಜೆ ಅದರ ಮುಂದಿನ ಅಗಲದ್ದು. ಬೆಳಿಗ್ಗೆ ಹಾಕಿ ನೋಡಿದಾಗ ಹಾಯಾಗಿದ್ದ ಶೂ ಸಂಜೆ ಕಿರುಬೆರಳ ಪಕ್ಕ ಒತ್ತುವುದು ಇದಕ್ಕೇ.

ಓಟದಹುಚ್ಚು ಅವರು ಹೇಳಿದ ಒಂದು ಸೈಜು ಹೆಚ್ಚಿಗೆಯ ತೊಂದರೆಯೂ ಇಲ್ಲೇ ಇದೆ. ಒಂದು ಸೈಜು ಏರಿಸಿದರೆ ಸುತ್ತಳತೆಯೂ ಆ 5-6 ಮಿ.ಮೀ. ಸಿಗುತ್ತದೆ, ಅದಕ್ಕೇ ಅವರಿಗೆ ಆರಾಮ ಅನ್ನಿಸಿದೆ. ಆದರೆ ಜೊತೆಗೆ ಬೇಡದ 8.5 ಮಿ.ಮೀ. ಉದ್ದವೂ ಬಂತು. ಶೂ ಮಡಚುವ ಜಾಗ ನಿಮ್ಮ ಬೆರಳ ಬುಡಕ್ಕಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಪ್ರತಿ ಹೆಜ್ಜೆಗೂ ಮೇಲೇಳುತ್ತದೆ. ಅಗಲ ಬೇಕಾದವರು ಅಗಲದ ಆಯ್ಕೆಯನ್ನೇ ಕೇಳಬೇಕು. ಅಮೆರಿಕದ ಗುರುತಿನಲ್ಲಿ ಗಂಡಸರ ಸಾಮಾನ್ಯ ಅಗಲ ಡಿ, ಅದಕ್ಕಿಂತ ಅಗಲ 2ಇ, ಇನ್ನೂ ಅಗಲ 4ಇ.

ಓಟದಹುಚ್ಚು
ಒಪ್ಪಿದೆ, ಆದ್ರೆ ಪೂರ್ತಿ ಅಲ್ಲ. ಉದ್ದ ಓಡೋವಾಗ ಬೆರಳು ಮುಂದಕ್ಕೆ ಬಡಿಯುತ್ತೆ, ಅದನ್ನ ಅನುಭವಿಸಿದವರಿಗೇ ಗೊತ್ತು. 2ಇ ಹಾಕಿದ್ರೂ ಮುಂದೆ ಜಾಗ ಇಲ್ದಿದ್ರೆ ಉಗುರು ಹೋಗುತ್ತೆ. ನಾನು ಅರ್ಧ ಸೈಜಾದ್ರೂ ಜಾಸ್ತಿ ತಗೊಳ್ಳೋನೇ.

ಅಟ್ಟೆಅಳತೆ
ಓಟಕ್ಕೆ ಅರ್ಧ ಸೈಜು ಹೆಚ್ಚು ತಗೊಳ್ಳುವುದರಲ್ಲಿ ನನಗೇನೂ ತಕರಾರಿಲ್ಲ. ಇವರು ಕೇಳಿರುವುದು ನಡಿಗೆಗೆ.

ಶುಶ್ರೂಷಕಿ
ಊತದ ಬಗ್ಗೆ ಒಂದು ಮಾತು. ಎರಡೂ ಪಾದ ಸಂಜೆಗೆ ಸ್ವಲ್ಪ ಬಿಗಿಯಾಗಿ, ಬೆಳಿಗ್ಗೆ ಇಳಿದಿದ್ದರೆ ಅದು ಸಹಜ. ಒಂದೇ ಕಾಲು ಊದಿದರೆ, ಬೆರಳಿಂದ ಒತ್ತಿದಾಗ ಗುಂಡಿ ಬಿದ್ದು ಹಾಗೇ ಉಳಿದರೆ, ಅಥವಾ ಬೆಳಿಗ್ಗೆಗೂ ಇಳಿಯದಿದ್ದರೆ ದೊಡ್ಡ ಶೂ ಹುಡುಕೋದು ಬಿಟ್ಟು ವೈದ್ಯರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾಗಿರೋರು "ಹಾಕ್ಕೊಂಡ್ರೆ ಗೊತ್ತಾಗುತ್ತೆ" ಅನ್ನೋದನ್ನ ನಂಬಲೇಬಾರದು. ಒತ್ತಿದ್ದು ಅವರಿಗೆ ಗೊತ್ತಾಗಲ್ಲ. ಅಂಥವರು ಹಾಕಿ ಬಿಚ್ಚಿದ ಮೇಲೆ ಪಾದದಲ್ಲಿ ಕೆಂಪು ಗುರುತು ಇದೆಯಾ ಅಂತ ಕಣ್ಣಲ್ಲೇ ನೋಡಬೇಕು.

ಮೂಲೆಮನೆ
ಸರಿ, ಅಳೆಯೋದೇ ಅಂದ್ರೆ ಹೇಗೆ? ನಾನು ಕಾಗದದ ಮೇಲೆ ಕಾಲಿಟ್ಟು ಪೆನ್ನಲ್ಲಿ ಸುತ್ತ ಗೆರೆ ಎಳೆದೆ. ಒಮ್ಮೆ 268, ಇನ್ನೊಮ್ಮೆ 263. ಅರ್ಧ ಗಂಟೇಲಿ ಕಾಲು ಕುಗ್ಗಿತಾ?

ಅಟ್ಟೆಅಳತೆ
ಕುಗ್ಗಿದ್ದು ಕಾಲಲ್ಲ, ಪೆನ್ನು ವಾಲಿದೆ. ಹೊರಕ್ಕೆ ವಾಲಿದರೆ ತುದಿ ಪಾದದ ಅಡಿಗೆ ನುಗ್ಗಿ ಅಳತೆ ಚಿಕ್ಕದಾಗುತ್ತದೆ. ನೆಟ್ಟಗೆ ಹಿಡಿದರೂ ಪೆನ್ನಿನ ಅರ್ಧ ದಪ್ಪ ಎರಡೂ ಕಡೆ ಸೇರುತ್ತದೆ. ಅರ್ಧ ಸೈಜೇ 4 ಮಿ.ಮೀ. ಆಗಿರುವಾಗ 5 ಮಿ.ಮೀ. ಆಚೀಚೆಯಾದರೆ ಅಳೆದೂ ಪ್ರಯೋಜನವಿಲ್ಲ.

ಗೆರೆ ಎಳೆಯುವುದು ಬಿಡಿ. ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿ, ಆದರೆ ಗೋಡೆ ಬುಡದಲ್ಲಿ ಟೈಲ್ಸ್ ಅಂಚು ಮುಂದೆ ಚಾಚಿದೆಯಾ ನೋಡಿಕೊಳ್ಳಿ. ಹಿಮ್ಮಡಿಯ ಉಬ್ಬು ನೆಲಕ್ಕಿಂತ ಸ್ವಲ್ಪ ಮೇಲಿರುತ್ತದೆ, ಅದು ಗೋಡೆಗೆ ತಾಗುತ್ತದೋ ಟೈಲ್ಸ್‌ಗೆ ತಾಗುತ್ತದೋ ಅನ್ನುವುದರ ಮೇಲೆ ಅಳತೆ ಬದಲಾಗುತ್ತದೆ. ಅಂಚಿದ್ದರೆ ಗೋಡೆ ಬಿಟ್ಟು, ಮರದ ಕಪಾಟಿನ ಚಪ್ಪಟೆ ಬದಿಗೆ ನಿಲ್ಲಿ. ಎರಡೂ ಕಾಲಿನ ಮೇಲೆ ಸಮ ಭಾರ. ದಪ್ಪ ರಟ್ಟಿನ ಪುಸ್ತಕವೊಂದನ್ನು ನೆಟ್ಟಗೆ ನಿಲ್ಲಿಸಿ ಎಲ್ಲಕ್ಕಿಂತ ಉದ್ದದ ಬೆರಳಿಗೆ ಮುಟ್ಟಿಸಿ. ಕೆಲವರಿಗೆ ಅದು ಹೆಬ್ಬೆರಳಲ್ಲ, ಎರಡನೇದು. ಪುಸ್ತಕದ ಅಂಚಿಗೆ ಗುರುತು ಹಾಕಿ ಅಲ್ಲಿಂದ ಗೋಡೆಗೆ ಅಳೆಯಿರಿ. ನೀವೇ ಬಗ್ಗಿದರೆ ಭಾರ ಮುಂದಕ್ಕೆ ಬೀಳುತ್ತದೆ, ಗುರುತು ಹಾಕುವ ಕೆಲಸ ಮನೆಯಲ್ಲಿ ಇನ್ನೊಬ್ಬರಿಗೆ ಕೊಡಿ. ಶೂ ಜೊತೆ ಹಾಕುವ ಕಾಲುಚೀಲ ಕಾಲಲ್ಲಿರಲಿ.

ಸಂಪಿಗೆ
ಟೇಪು ಎಷ್ಟು ಬಿಗಿ ಎಳೀಬೇಕು ಅನ್ನೋದೇ ನನಗೆ ಗೊಂದಲ. ಸ್ವಲ್ಪ ಎಳೆದ್ರೆ 5 ಮಿ.ಮೀ. ಕಮ್ಮಿ ಬರುತ್ತೆ.

ಅಟ್ಟೆಅಳತೆ
ಚರ್ಮಕ್ಕೆ ತಾಗಿರಬೇಕು, ಒಳಕ್ಕೆ ಅದುಮಬಾರದು. ನಿಮ್ಮದೇ ಬೆಳಿಗ್ಗೆ, ಸಂಜೆ ಅಂಕಿ ಹೋಲಿಸುವಾಗ ಒಬ್ಬರೇ, ಒಂದೇ ಬಿಗಿಯಲ್ಲಿ ಹಿಡಿದರೆ ಸಾಕು. ಬಹುಪಾಲು ಚಾರ್ಟ್‌ಗಳಲ್ಲಿ ಸುತ್ತಳತೆಯ ಕಾಲಮ್ಮೇ ಇರುವುದಿಲ್ಲ, ಆದ್ದರಿಂದ ಆ ಅಂಕಿಯ ಕೆಲಸ ನಿಮ್ಮ ಪಾದ ಎಷ್ಟು ಉಬ್ಬುತ್ತದೆ ಅಂತ ತಿಳಿಸುವುದಷ್ಟೇ.

ಗಿರಿಗಾಲು
ಹಾಗಾದ್ರೆ 262 ಹಿಡಿದು ನಾನೇ ಲೆಕ್ಕ ಹಾಕ್ತೀನಿ, ತಪ್ಪಿದ್ರೆ ಹೇಳಿ. ಮೊದಲ ಚಾರ್ಟ್ ಪಾದದ ಉದ್ದ, 25.9 ದಾಟಿದೆ, ಆದ್ದರಿಂದ 26.3ರ ಸಾಲು, ಯುಕೆ 8.5. ಎರಡನೇದೂ ಪಾದದ ಉದ್ದ, 26.5, ಯುಕೆ 7.5. ಮೂರನೇದು ಒಳಗಿನ ಉದ್ದ. 26.2ಕ್ಕೆ ಒಂದು ಸೆಂ.ಮೀ. ಚಿಲ್ಲರೆ ಸೇರಿಸಿದ್ರೆ 27.2ರಿಂದ 27.4. ಹಾಗಾಗಿ 27.5ರ ಇಯು 42. 41 ತಗೊಂಡ್ರೆ ಬರೀ 6 ಮಿ.ಮೀ. ಜಾಗ ಉಳಿಯುತ್ತೆ.

ಈಗಲೂ ಮೂರು ಬ್ರ್ಯಾಂಡಿಗೆ ಮೂರು ಸೈಜು, ಆದ್ರೆ ಈ ಸಲ ಯಾಕೆ ಅಂತ ಗೊತ್ತು. ಒಂದು ಸಂಶಯ. ಮೊದಲೆರಡೂ ಪಾದದ ಉದ್ದವೇ ಆದ್ರೆ, ಒಂದು ಇಯು 42⅔ ಅನ್ನುತ್ತೆ, ಇನ್ನೊಂದು 42. ಯಾಕೆ?

ಅಟ್ಟೆಅಳತೆ
ಲೆಕ್ಕ ಸರಿಯಾಗಿದೆ. ಸಂಶಯವೂ ಸರಿಯಾದದ್ದೇ. ಬೆರಳ ಮುಂದೆ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ಪ್ರತಿ ಬ್ರ್ಯಾಂಡ್ ತಾನೇ ತೀರ್ಮಾನಿಸುತ್ತದೆ, ಅದು ಚಾರ್ಟಿನಲ್ಲಿ ಕಾಣುವುದಿಲ್ಲ. ಮೊದಲನೆಯವರು ಹೆಚ್ಚು ಜಾಗ ಇಟ್ಟುಕೊಂಡು ಲೆಕ್ಕ ಕಟ್ಟಿದ್ದಾರೆ. ಎರಡನೆಯವರ 7.5ರಲ್ಲಿ ನಿಮಗೆ ಹತ್ತಿರ ಹತ್ತಿರವಾಗಿ ಕೂರುತ್ತದೆ. ಸುತ್ತಳತೆ ಸಂಜೆ 249 ಆಗುವುದರಿಂದ, ಆ ಮಾಡೆಲ್ಲಿನಲ್ಲಿ 2ಇ ಸಿಕ್ಕರೆ 7.5 ತಗೊಳ್ಳಿ ಅನ್ನುತ್ತೇನೆ. ಸಿಗದಿದ್ದರೆ ನನಗೂ ಖಚಿತವಾಗಿ ಹೇಳಲಾಗದು.

ಓಟದಹುಚ್ಚು
ಸಿಗದಿದ್ರೆ 8 ತಗೋ. ಲೇಸು ಬಿಗಿ ಮಾಡ್ಕೊಂಡ್ರೆ ಆಯ್ತು.

ಮೂಲೆಮನೆ
ಚರ್ಮದ್ದಾದ್ರೆ ಬಿಗಿಯಾಗಿಯೇ ತಗೊಳ್ಳಿ, ಹಾಕ್ತಾ ಹಾಕ್ತಾ ಬಿಟ್ಟುಕೊಳ್ಳುತ್ತೆ.

ಅಟ್ಟೆಅಳತೆ
ಅಡ್ಡಕ್ಕೆ ಬಿಟ್ಟುಕೊಳ್ಳುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಅಡಿಯ ಅಟ್ಟೆ ಹಿಗ್ಗುವುದಿಲ್ಲವಲ್ಲ. ಪಕ್ಕದಲ್ಲಿ ಸ್ವಲ್ಪ ಬಿಗಿ ಇದ್ದರೆ ಕಾಯಬಹುದು, ಬೆರಳ ತುದಿ ಮುಟ್ಟುತ್ತಿದ್ದರೆ ಕಾಯಬೇಡಿ. ಬಟ್ಟೆ, ಜಾಲರಿಯ ಶೂಗಳಿಗೆ ಪಕ್ಕದ ಲೆಕ್ಕವೂ ಅನ್ವಯಿಸುವುದಿಲ್ಲ.

ಶೂ ಬಂದ ಮೇಲೆ ಹಾಕಿ ನೋಡುವುದೂ ಸಂಜೆಯೇ ಇರಲಿ. ನೆಲಕ್ಕೆ ಬಟ್ಟೆ ಹಾಸಿ ನಡೆಯಿರಿ, ಅಡಿ ಸವೆದರೆ ವಾಪಸ್ ತಗೊಳ್ಳುವುದಿಲ್ಲ. ಮೊದಲು ಇನ್‌ಸೋಲ್ ಹೊರಗೆಳೆದು ಅದರ ಮೇಲೆ ನಿಲ್ಲಿ. ಮುಂದೆ ಒಂದು ಸೆಂಟಿಮೀಟರ್‌ನಷ್ಟು ಉಳಿಯಬೇಕು, ಪಕ್ಕದಲ್ಲಿ ಪಾದ ಅಂಚು ದಾಟಿ ಹೊರಚೆಲ್ಲಬಾರದು. ಆಮೇಲೆ ಹಾಕಿ ಲೇಸು ಕಟ್ಟಿ. ಲೇಸಿನ ತೂತುಗಳ ಎರಡು ಸಾಲು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ ಒಳಗೆ ಜಾಗ ಜಾಸ್ತಿಯಾಗಿದೆ. ಮೇಲಕ್ಕೆ ಹೋದಂತೆ ಅಗಲವಾಗಿ ಬಾಯಿ ಬಿಟ್ಟುಕೊಂಡಿದ್ದರೆ ಶೂ ನಿಮಗೆ ಸಣ್ಣದು. ಎರಡನೇ ಬ್ರ್ಯಾಂಡಿನ 7.5, 8 ತೀರ್ಮಾನ ಮಾಡುವುದೂ ಹೀಗೆಯೇ.

ಸಂಪಿಗೆ
ನಾನು ಬೆಳಿಗ್ಗೆ ಆರಕ್ಕೆ ನಡೆದು ಬಂದು ಶೂ ಬಿಚ್ಚಿಡ್ತೀನಿ, ದಿನದ ಮಿಕ್ಕ ಹೊತ್ತು ಚಪ್ಪಲಿ. ಸಂಜೆ ಉಬ್ಬಿದ ಕಾಲಿಗೆ ತಗೊಂಡ್ರೆ ಬೆಳಿಗ್ಗೆ ನನಗೆ ಸಡಿಲ ಆಗಲ್ವಾ?

ಅಟ್ಟೆಅಳತೆ
ಉದ್ದ ಯಾವಾಗ ಅಳೆದರೂ ಹೆಚ್ಚು ಬದಲಾಗದು, ನಿಂತು ಅಳೆದರೆ ಸಾಕು. ಅಗಲಕ್ಕೆ ನಾನಾದರೆ ನಡೆದು ಬಂದ ಕೂಡಲೇ ಅಳೆಯುತ್ತಿದ್ದೆ, ಶೂ ಕೆಲಸ ಮಾಡುವುದು ಆ ಹೊತ್ತಿನ ಕಾಲಿಗೆ.

ಶುಶ್ರೂಷಕಿ
ನಾನು ಒಪ್ಪಲ್ಲ. ಸಡಿಲವಾದದ್ದನ್ನ ಲೇಸಿನಿಂದ, ದಪ್ಪ ಕಾಲುಚೀಲದಿಂದ ಸರಿಮಾಡ್ಕೋಬಹುದು, ಬಿಗಿಯಾದದ್ದಕ್ಕೆ ಏನೂ ಮಾಡೋಕಾಗಲ್ಲ. ಪ್ರಯಾಣದ ದಿನ ಅದೇ ಶೂಲಿ ಸಂಜೆವರೆಗೂ ಇರಬೇಕಾಗಿ ಬಂದ್ರೆ? ಸಂಜೆ ಅಳತೆಯೇ ಇರಲಿ.

ಗಿರಿಗಾಲು
ಮೂರನೇ ಬ್ರ್ಯಾಂಡಿನ 42 ಆರ್ಡರ್ ಮಾಡಿದೆ, ಅದರಲ್ಲಿ ಅಗಲದ್ದೂ ಇತ್ತು. ಎರಡನೆಯದರಲ್ಲಿ 2ಇ ಖಾಲಿ. ಇನ್ನೊಂದು ಪ್ರಶ್ನೆ, ನನ್ನ ಎಡಗಾಲು 3 ಮಿ.ಮೀ. ಚಿಕ್ಕದು ಅಂದೆನಲ್ಲ, ಆ ಕಡೆ ಹಿಮ್ಮಡಿ ಸಡಿಲ ಆದ್ರೆ?

ಅಟ್ಟೆಅಳತೆ
3 ಮಿ.ಮೀ. ಅಂದರೆ ಅರ್ಧ ಸೈಜೂ ಅಲ್ಲ, ಬಹುಶಃ ಗೊತ್ತೇ ಆಗುವುದಿಲ್ಲ. ಆದರೆ ಎಡಗಡೆ ಇನ್‌ಸೋಲ್ ಕೆಳಗೆ ಒಂದು ತೆಳು ಪದರ ಹಾಕಿ, ಪಾದ ಸ್ವಲ್ಪ ಮೇಲೆ ಬಂದು ಲೇಸಿನ ಅಡಿಗೆ ಬಿಗಿಯಾಗಿ ಕೂರುತ್ತದೆ. ಹಿಮ್ಮಡಿ ಹಿಂದೆ ಮೆತ್ತೆ ಅಂಟಿಸಬೇಡಿ, ಅದು ಪಾದವನ್ನು ಮುಂದಕ್ಕೆ ತಳ್ಳುತ್ತದೆ.